ಧ್ವನಿ ಅರಿವು: ಕನ್ನಡದ ಆರಂಭಿಕ ಓದುಗರಲ್ಲಿ

ಧ್ವನಿ ಅರಿವು ಎಂದರೆ ಆಡುವ ಮಾತನ್ನು ಅದರ ಅರ್ಥದಿಂದ ಬೇರೆಯಾಗಿ ಕೇವಲ ಸದ್ದಿನ ಕಟ್ಟಡವಾಗಿ ಗಮನಿಸುವ, ಆ ಸದ್ದನ್ನು ತುಂಡು ಮಾಡುವ, ಕೂಡಿಸುವ, ಬದಲಿಸುವ ಸಾಮರ್ಥ್ಯ. ‘ಕಾಲು’ ಎಂದಾಗ ದೇಹದ ಒಂದು ಅಂಗವನ್ನು ನೆನೆಯುವುದು ಭಾಷೆಯ ಬಳಕೆ. ಅದೇ ಪದದಲ್ಲಿ ‘ಕಾ’, ‘ಲು’ ಎಂಬ ಎರಡು ತುಂಡುಗಳಿವೆ, ಅದು ‘ಸಾಲು’ ಪದದ ಹಾಗೆ ಕೇಳಿಸುತ್ತದೆ, ಮೊದಲ ‘ಕ್’ ತೆಗೆದರೆ ‘ಆಲು’ ಉಳಿಯುತ್ತದೆ ಎಂದು ಗುರುತಿಸುವುದು ಧ್ವನಿ ಅರಿವು. ಇದಕ್ಕೆ ಅಕ್ಷರ ಬರಬೇಕಾಗಿಲ್ಲ. ಕಣ್ಣು ಮುಚ್ಚಿಕೊಂಡೂ ಮಾಡಬಹುದಾದ ಕೆಲಸವಿದು. ಅಕ್ಷರ ನೋಡಿ ಸದ್ದು ಹೇಳುವುದು ಬೇರೊಂದು ಕೌಶಲ, ಅದನ್ನು ಅಕ್ಷರಜ್ಞಾನ ಎನ್ನುತ್ತಾರೆ. ಓದು ಕಲಿಯುವಾಗ ಎರಡೂ ಒಂದಕ್ಕೊಂದು ಒತ್ತಾಸೆಯಾಗುತ್ತವೆ.

ಈ ಲೇಖನದಲ್ಲಿ ಮೂರು ಪದಗಳನ್ನು ನಿಶ್ಚಿತ ಅರ್ಥದಲ್ಲಿ ಬಳಸಲಾಗಿದೆ. ಒಂದೇ ಉಸಿರಿನ ತಟ್ಟಿನಲ್ಲಿ ಹೊರಡುವ ಸದ್ದಿನ ತುಂಡು ಉಚ್ಚಾರಾಂಶ. ಅರ್ಥವನ್ನು ಬದಲಿಸಬಲ್ಲ ಅತಿ ಚಿಕ್ಕ ಸದ್ದು ಧ್ವನಿಮಾ. ಬರಹದಲ್ಲಿ ಒಂದು ಘಟಕವಾಗಿ ಕಾಣುವ ರೂಪ ಅಕ್ಷರ. ಈ ಮೂರನ್ನು ಒಂದೇ ಎಂದು ಭಾವಿಸುವುದರಿಂದಲೇ ತರಗತಿಯಲ್ಲಿಯೂ ಪರೀಕ್ಷೆಯಲ್ಲಿಯೂ ಹೆಚ್ಚಿನ ಗೊಂದಲ ಹುಟ್ಟುತ್ತದೆ. ಉದಾಹರಣೆಗಳನ್ನು ಮುಖ್ಯವಾಗಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಟೇಕಲ್ ಹಾಗೂ ಸುತ್ತಲಿನ ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ಭಾಗದ ಭಾಷಾ ಪರಿಸರದಿಂದ ಆರಿಸಲಾಗಿದೆ. ಮನೆಯಲ್ಲಿ ತೆಲುಗು ಅಥವಾ ಉರ್ದು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿ ಇಲ್ಲಿ ಸಾಮಾನ್ಯವಾದ್ದರಿಂದ ವಿಷಯದ ಸೂಕ್ಷ್ಮಗಳು ಇಲ್ಲಿ ಸ್ಪಷ್ಟವಾಗಿ ಕಾಣುತ್ತವೆ.

ಪರಿಕಲ್ಪನೆಯ ಹುಟ್ಟು

ಮಾತಿನ ಸದ್ದನ್ನು ಬಿಡಿಸಿ ನೋಡುವ ವಿದ್ಯೆ ಭಾರತದಲ್ಲಿ ಬಹಳ ಹಳೆಯದು. ಕನ್ನಡ ವರ್ಣಮಾಲೆಯ ಜೋಡಣೆಯೇ ಇದಕ್ಕೆ ಸಾಕ್ಷಿ. ಕಂಠದಿಂದ ತುಟಿಯವರೆಗೆ ಉಚ್ಚಾರಣೆಯ ಸ್ಥಾನಕ್ಕೆ ತಕ್ಕಂತೆ 25 ವರ್ಗೀಯ ವ್ಯಂಜನಗಳನ್ನು ಐದು ಸಾಲುಗಳಲ್ಲಿ ಇಟ್ಟು, ಉಳಿದ 9 ವ್ಯಂಜನಗಳನ್ನು ಅವರ್ಗೀಯ ಎಂದು ಬೇರೆ ಮಾಡಲಾಗಿದೆ. ‘ಕ’ ಎಂಬುದು ‘ಕ್’ ಮತ್ತು ‘ಅ’ ಸೇರಿ ಆದದ್ದು ಎಂಬ ಧ್ವನಿಮಾ ಮಟ್ಟದ ವಿಶ್ಲೇಷಣೆ ಹಳಗನ್ನಡ ವ್ಯಾಕರಣಕಾರರಿಗೆ ಸಹಜವಾಗಿತ್ತು. ಸಂಧಿಯ ನಿಯಮಗಳೆಲ್ಲ ಅದರ ಮೇಲೆಯೇ ನಿಂತಿವೆ.

ಓದು ಕಲಿಯುವ ಮಗುವಿಗೆ ಈ ಅರಿವು ಎಷ್ಟರಮಟ್ಟಿಗೆ ಇರುತ್ತದೆ ಎಂಬ ಪ್ರಶ್ನೆ ಮಾತ್ರ 20ನೆಯ ಶತಮಾನದ್ದು. ಅಮೆರಿಕದ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಪದದ ತುಂಡುಗಳಿಗೆ ತಕ್ಕಂತೆ ಕಡ್ಡಿಯಿಂದ ಮೇಜು ತಟ್ಟಬೇಕಿತ್ತು. ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಉಚ್ಚಾರಾಂಶಗಳನ್ನು ತಟ್ಟಬಲ್ಲವರಾಗಿದ್ದರು, ಆದರೆ ಒಬ್ಬರೂ ಧ್ವನಿಮಾಗಳನ್ನು ತಟ್ಟಲಾರದೆ ಹೋದರು. ಆರು ವರ್ಷದ ವೇಳೆಗೆ ಶೇ 90ರಷ್ಟು ಮಕ್ಕಳು ಉಚ್ಚಾರಾಂಶವನ್ನೂ ಶೇ 70ರಷ್ಟು ಮಕ್ಕಳು ಧ್ವನಿಮಾವನ್ನೂ ಗುರುತಿಸಿದರು. ನಡುವೆ ಆದದ್ದು ಶಾಲೆಯ ಕಲಿಕೆ. 1979ರಲ್ಲಿ ಜೋಸೆ ಮೊರೈಸ್ ಮತ್ತು ಸಂಗಡಿಗರು ಪೋರ್ಚುಗಲ್‌ನ ಗ್ರಾಮೀಣ ವಯಸ್ಕರನ್ನು ಪರೀಕ್ಷಿಸಿದಾಗ, ಓದು ಬಾರದವರಿಗೆ ಪದದ ಮೊದಲ ಧ್ವನಿಮಾವನ್ನು ತೆಗೆಯುವುದು ಕಷ್ಟವೆಂದೂ ವಯಸ್ಸಾದ ಮೇಲೆ ಓದು ಕಲಿತವರಿಗೆ ಅದು ಸಾಧ್ಯವೆಂದೂ ಕಂಡುಬಂತು. ಧ್ವನಿಮಾದ ಅರಿವು ವಯಸ್ಸಿನೊಂದಿಗೆ ತಾನಾಗಿ ಬರುವುದಲ್ಲ, ಬಿಡಿ ಸದ್ದಿಗೆ ಬಿಡಿ ಅಕ್ಷರವಿರುವ ಲಿಪಿಯನ್ನು ಕಲಿಯುವುದರಿಂದ ಅದು ಬಹುಮಟ್ಟಿಗೆ ಮೂಡುತ್ತದೆ ಎಂದು ಇದರಿಂದ ತಿಳಿಯಿತು.

ಹಾಗಾದರೆ ಬಿಡಿ ಧ್ವನಿಮಾವನ್ನು ಬರೆಯದೆ ಉಚ್ಚಾರಾಂಶದಂಥ ಘಟಕವನ್ನು ಬರೆಯುವ ಕನ್ನಡದಲ್ಲಿ ಏನಾಗುತ್ತದೆ? ಮೈಸೂರಿನ ಪ್ರಕಾಶ್ ಪಡಕಣ್ಣಾಯ, ಪ್ರತಿಭಾ ಕಾರಂತ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಕೆಲಸ ಇದಕ್ಕೆ ಮೊದಲ ಉತ್ತರ ಕೊಟ್ಟಿತು. ಕನ್ನಡವನ್ನಷ್ಟೇ ಓದಬಲ್ಲವರು ಪ್ರಾಸ ಮತ್ತು ಉಚ್ಚಾರಾಂಶದ ಪರೀಕ್ಷೆಗಳಲ್ಲಿ ಗೆದ್ದರೂ ಧ್ವನಿಮಾ ತೆಗೆಯುವ ಪರೀಕ್ಷೆಯಲ್ಲಿ ಹಿಂದೆ ಬಿದ್ದರು, ಆದರೂ ಅವರು ಚೆನ್ನಾಗಿಯೇ ಓದುತ್ತಿದ್ದರು. ಬೆಂಗಳೂರಿನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ಇದೇ ಚಿತ್ರವನ್ನು ವಿಸ್ತರಿಸಿತು. ಕನ್ನಡದ ಮಕ್ಕಳಲ್ಲಿ ಉಚ್ಚಾರಾಂಶದ ಅರಿವು ಬೇಗ ಗಟ್ಟಿಯಾಗುತ್ತದೆ, ಧ್ವನಿಮಾದ ಅರಿವು ನಿಧಾನವಾಗಿ ಬರುತ್ತದೆ, ಅಕ್ಷರಗಳನ್ನು ಪೂರ್ತಿ ಕಲಿಯುವುದಕ್ಕೇ ಹಲವು ತರಗತಿಗಳು ಹಿಡಿಯುತ್ತವೆ.

ಕನ್ನಡದ ಸದ್ದು ಮತ್ತು ಅಕ್ಷರ

ಹಲವು ತರಗತಿಗಳು ಹಿಡಿಯುವುದಕ್ಕೆ ಕಾರಣ ಲೆಕ್ಕದಲ್ಲಿಯೇ ಇದೆ. ವರ್ಣಮಾಲೆಯಲ್ಲಿ 49 ಅಕ್ಷರಗಳಿದ್ದರೂ 34 ವ್ಯಂಜನಗಳಿಗೆ 13 ಸ್ವರಗಳ ಗುಣಿತ ಸೇರಿದರೆ 442 ರೂಪಗಳಾಗುತ್ತವೆ. ಒತ್ತಕ್ಷರಗಳು ಇದರ ಹೊರಗಿವೆ. ಎಲ್ಲವನ್ನೂ ಬಿಡಿಬಿಡಿ ಚಿತ್ರಗಳಂತೆ ನೆನಪಿಡುವುದು ಮಗುವಿಗೆ ಆಗದ ಕೆಲಸ. ಗುಡಿಸು ಬಂದರೆ ಎಲ್ಲ ವ್ಯಂಜನಕ್ಕೂ ‘ಇ’, ಕೊಂಬು ಬಂದರೆ ಎಲ್ಲ ವ್ಯಂಜನಕ್ಕೂ ‘ಉ’ ಎಂದು ಹೊಳೆದ ಮೇಲೆ ಈ ಹೊರೆ ಇಳಿಯುತ್ತದೆ. ಹಾಗೆ ಹೊಳೆಯಬೇಕಾದರೆ ‘ಕಿ’ಯಲ್ಲಿ ‘ಕ್’ ಮತ್ತು ‘ಇ’ ಬೇರೆಬೇರೆ ಎಂದು ಕಿವಿಗೆ ಗೊತ್ತಾಗಬೇಕು. ಕಾಗುಣಿತದ ಬಾಯಿಪಾಠ ಇದಕ್ಕೆ ನೆಲವನ್ನು ಹದ ಮಾಡುತ್ತದೆ, ಆದರೆ ಬಾಯಿಪಾಠ ಬಂದ ಮಾತ್ರಕ್ಕೆ ಅರಿವು ಬಂದಂತಲ್ಲ. ‘ಕ ಕಾ ಕಿ ಕೀ’ ಎಂದು ತಡೆಯಿಲ್ಲದೆ ಹೇಳುವ ಮಗುವಿಗೆ ಸಾಲಿನ ನಡುವಿನ ‘ಕೊ’ ಒಂದನ್ನೇ ತೋರಿಸಿ ಕೇಳಿದರೆ, ಅದು ಮೊದಲಿಂದ ಹೇಳಿಕೊಂಡು ಬಂದು ಅಲ್ಲಿ ನಿಲ್ಲುತ್ತದೆಯೋ ನೇರ ಹೇಳುತ್ತದೆಯೋ ಎಂಬುದರಿಂದ ವ್ಯತ್ಯಾಸ ತಿಳಿಯುತ್ತದೆ.

ಎರಡನೆಯ ತೊಡಕು ಅಕ್ಷರದ ಗಡಿ ಮತ್ತು ಉಚ್ಚಾರಾಂಶದ ಗಡಿ ಕೂಡದಿರುವುದು. ‘ಅಕ್ಕ’ ಎಂದು ಆಡುವಾಗ ಮಾತು ‘ಅಕ್–ಕ’ ಎಂದು ತುಂಡಾಗುತ್ತದೆ, ಬರಹ ಮಾತ್ರ ‘ಅ–ಕ್ಕ’ ಎಂದು ನಿಲ್ಲುತ್ತದೆ. ಮೊದಲ ಉಚ್ಚಾರಾಂಶದ ಕೊನೆಯ ವ್ಯಂಜನ ಬರಹದಲ್ಲಿ ಮುಂದಿನ ಅಕ್ಷರಕ್ಕೆ ಹೋಗಿ ಸೇರುತ್ತದೆ. ಅನುಸ್ವಾರ ಇದಕ್ಕೆ ಹೊರತು. ‘ಅಂಗಡಿ’ಯಲ್ಲಿ ಮಾತೂ ಬರಹವೂ ‘ಅಂ–ಗ–ಡಿ’ ಎಂದೇ ಒಡೆಯುತ್ತವೆ. ‘ಟೇಕಲ್’ ಎಂಬ ಹೆಸರು ವ್ಯಂಜನದಲ್ಲಿ ಕೊನೆಗೊಳ್ಳುವುದರಿಂದ ಇನ್ನೊಂದು ರೀತಿಯ ಉದಾಹರಣೆ. ಬರಹದಲ್ಲಿ ಟೇ, ಕ, ಲ್ ಎಂಬ ಮೂರು ರೂಪಗಳಿವೆ. ಮಾತಿನಲ್ಲಿ ‘ಟೇ–ಕಲ್’ ಎಂಬ ಎರಡೇ ಉಚ್ಚಾರಾಂಶಗಳು. ಧ್ವನಿಮಾಗಳು ಟ್, ಏ, ಕ್, ಅ, ಲ್ ಎಂದು ಐದು. ‘ಮುಳಬಾಗಿಲು’ ಬರಹದಲ್ಲಿ ಐದು ಅಕ್ಷರ, ಆದರೆ ಊರಿನವರ ವೇಗದ ಮಾತಿನಲ್ಲಿ ಅದು ‘ಮುಳ್–ಬಾಗ್–ಲು’ ಎಂಬ ಮೂರು ತಟ್ಟು. ಇನ್ನೂ ಓದು ಬಾರದ ಮಗು ಮೂರು ಸಲ ಚಪ್ಪಾಳೆ ತಟ್ಟಿದರೆ ಅದು ತಪ್ಪಲ್ಲ. ಮಗು ತಾನು ಕೇಳಿದ ಸದ್ದಿಗೆ ತಕ್ಕಂತೆ ತಟ್ಟಿದೆ, ಬರಹವನ್ನು ಬಲ್ಲ ಶಿಕ್ಷಕರ ಕಿವಿಗೆ ಮಾತ್ರ ಐದು ಕೇಳಿಸುತ್ತದೆ. ಪರೀಕ್ಷೆಗೂ ಆಟಕ್ಕೂ ಪದ ಆರಿಸುವವರು ಮೊದಲು ಪದವನ್ನು ಊರಿನ ಮಾತಿನಲ್ಲಿ ಗಟ್ಟಿಯಾಗಿ ಹೇಳಿ ನೋಡಬೇಕು. ಮಾಲೂರು, ಕೋಲಾರದಂಥ ಪದಗಳಲ್ಲಿ ಮಾತು ಮತ್ತು ಬರಹದ ತುಂಡುಗಳು ಒಂದೇ ಆಗಿರುವುದರಿಂದ ಆರಂಭಕ್ಕೆ ಅವು ತಕ್ಕವು.

ಪ್ರಾಸದ ಚಟುವಟಿಕೆಗಳು

ಕನ್ನಡ ಕಾವ್ಯದ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು, ಅದರ ಸ್ವರ ಬೇರೆಯಾಗಬಹುದು. ಅಂದರೆ ಗ, ಗಿ, ಗು ಮೂರೂ ಒಂದಕ್ಕೊಂದು ಪ್ರಾಸವೇ. ಇದು ಅಕ್ಷರದೊಳಗಿನ ವ್ಯಂಜನವನ್ನು ಸ್ವರದಿಂದ ಬೇರ್ಪಡಿಸಿ ಕೇಳುವ ಪ್ರೌಢ ಕೌಶಲ, ಸಣ್ಣ ಮಕ್ಕಳಿಗೆ ಹೇಳಿದ್ದಲ್ಲ. ಜಿ. ಪಿ. ರಾಜರತ್ನಂ ಅವರ ಶಿಶುಗೀತೆಗಳಿಂದ ಮೊದಲ್ಗೊಂಡು ಇಂದಿನ ತರಗತಿಯ ಹಾಡುಗಳವರೆಗೆ ಮಕ್ಕಳ ಪದ್ಯ ಆಧರಿಸಿರುವುದು ಅಂತ್ಯಪ್ರಾಸವನ್ನು.

ಅಂತ್ಯಪ್ರಾಸದ ಆಟದಲ್ಲಿ ಸಾಮಾನ್ಯ ರೂಪ ‘ಸೇರದ ಪದ’ ಹುಡುಕುವುದು. ಮರ, ಕರ, ಮನೆ, ಸರ ಎಂದು ಹೇಳಿ ಯಾವುದು ಸೇರುವುದಿಲ್ಲ ಎಂದು ಕೇಳುತ್ತಾರೆ. ಇಲ್ಲಿ ಕನ್ನಡಕ್ಕೇ ವಿಶೇಷವಾದ ಎಚ್ಚರ ಬೇಕು. ಕನ್ನಡದ ಪದಗಳು ಬಹುಪಾಲು ಸ್ವರದಲ್ಲಿ ಮುಗಿಯುತ್ತವೆ, ಪ್ರತ್ಯಯಗಳು ಕೊನೆಗೆ ಅಂಟುತ್ತವೆ. ‘ಮನೆಗೆ’, ‘ಶಾಲೆಗೆ’ ಎಂಬುವನ್ನು ಜೋಡಿ ಎಂದು ಮಗು ಗುರುತಿಸಿದರೆ ಅದು ಸದ್ದನ್ನು ಕೇಳಿತೋ ವ್ಯಾಕರಣವನ್ನು ಗುರುತಿಸಿತೋ ತಿಳಿಯುವುದಿಲ್ಲ. ಆದ್ದರಿಂದ ಪ್ರತ್ಯಯವಿಲ್ಲದ, ಮೊದಲ ವ್ಯಂಜನ ಮಾತ್ರ ಬದಲಾಗುವ ಎರಡಕ್ಷರದ ಪದಗಳೇ ಸರಿ: ಕಾಲು–ಸಾಲು–ಹಾಲು, ಬಾಲ–ಕಾಲ, ಗೂಡು–ಸೂಡು; ಗೂಡು–ನಾಡು ಅಲ್ಲ.

ಮಕ್ಕಳ ಬಾಯಲ್ಲಿ ಆಗಲೇ ಇರುವ ಇನ್ನೊಂದು ಸಂಪತ್ತು ಪ್ರತಿಧ್ವನಿ ಪದಗಳು. ಊಟ–ಗೀಟ, ಮನೆ–ಗಿನೆ, ಹಾಲು–ಗೀಲು, ಪುಸ್ತಕ–ಗಿಸ್ತಕ. ಹೀಗೆ ಹೇಳುವ ಮೂರು ನಾಲ್ಕು ವರ್ಷದ ಮಗು ಪದದ ಮೊದಲ ಸ್ವರವನ್ನು, ಅದರ ಹಿಂದೆ ವ್ಯಂಜನವಿದ್ದರೆ ಅದನ್ನೂ ತೆಗೆದು, ಆ ಸ್ವರ ಹ್ರಸ್ವವಾಗಿದ್ದರೆ ‘ಗಿ’, ದೀರ್ಘವಾಗಿದ್ದರೆ ‘ಗೀ’ ಇಟ್ಟು, ಉಳಿದದ್ದನ್ನು ಹಾಗೆಯೇ ಉಳಿಸುತ್ತದೆ. ‘ಮನೆ’ಗೆ ‘ಗೀನೆ’ ಎಂದು ಯಾರೂ ಹೇಳುವುದಿಲ್ಲ. ಯಾರೂ ಕಲಿಸದೆ ಬಂದ ಈ ಲೆಕ್ಕಾಚಾರ ಸುಪ್ತ ಅರಿವು. ಅದನ್ನು ಕೇಳಿದಾಗ ಬೇಕೆಂದೇ ಮಾಡಿ ತೋರಿಸುವುದು ಪ್ರಕಟ ಅರಿವು. ತೆಲುಗಿನಲ್ಲಿಯೂ ‘ಪುಲಿ–ಗಿಲಿ’ ಎಂದು ಇದೇ ನಿಯಮ ನಡೆಯುತ್ತದೆ. ಮನೆಮಾತು ತೆಲುಗಾದ ಮಗುವಿಗೆ ಕನ್ನಡದ ತರಗತಿಯಲ್ಲಿ ಮೊದಲ ದಿನವೇ ಆಡಬಹುದಾದ ಧ್ವನಿಯ ಆಟ ಇದಕ್ಕಿಂತ ಸುಲಭವಾದದ್ದು ಇಲ್ಲ. ಶಿಕ್ಷಕಿ ಹೊಸ ಪದ ಹೇಳಿ ಅದರ ಜೊತೆಯ ‘ಗಿ’ ಪದ ಕೇಳಬಹುದು, ಆಮೇಲೆ ‘ಗಿ’ ಪದ ಹೇಳಿ ಮೂಲಪದ ಯಾವುದಿರಬಹುದು ಎಂದು ಕೇಳಬಹುದು. ಎರಡನೆಯದಕ್ಕೆ ಹಲವು ಉತ್ತರಗಳು ಸರಿಯಾಗುತ್ತವೆ; ‘ಗೀಲು’ ಎಂದರೆ ಹಾಲು, ಕಾಲು, ಸಾಲು ಯಾವುದೂ ಆಗಬಹುದು. ಆ ಉತ್ತರಗಳ ಪಟ್ಟಿಯೇ ಪ್ರಾಸಪದಗಳ ಪಟ್ಟಿ.

ಜೋಡಣೆ

ಜೋಡಣೆ ಎಂದರೆ ಬಿಡಿಯಾಗಿ ಕೇಳಿದ ತುಂಡುಗಳನ್ನು ಕೂಡಿಸಿ ಪದ ಹೇಳುವುದು. ಓದುವಾಗ ಮಗು ಮಾಡಬೇಕಾದದ್ದು ಇದನ್ನೇ. ಮೊದಲ ಹಂತದಲ್ಲಿ ಶಿಕ್ಷಕಿ ‘ಮಾ… ಲೂ… ರು’ ಎಂದು ತುಂಡುಗಳ ನಡುವೆ ಸುಮಾರು ಒಂದು ಸೆಕೆಂಡು ಬಿಟ್ಟು ಹೇಳುತ್ತಾರೆ. ಮಗು ಅದನ್ನು ಒಂದು ಪದವಾಗಿ ಹೇಳಬೇಕು. ಪರಿಚಿತ ಊರು, ಪ್ರಾಣಿ, ತಿಂಡಿಗಳ ಹೆಸರಾದರೆ ಮಗು ಊಹಿಸಿಬಿಡಬಹುದು, ಹಾಗಾಗಿ ನಡುವೆ ಅರ್ಥವಿಲ್ಲದ ಪದಗಳನ್ನೂ ಸೇರಿಸಬೇಕು. ‘ಮೂ… ದ… ಗಿ’ ಎಂದಾಗ ‘ಮೂದಗಿ’ ಎಂದು ಹೇಳುವ ಮಗು ನಿಜವಾಗಿ ಜೋಡಿಸುತ್ತಿದೆ. ನಂತರ ವ್ಯಂಜನದಲ್ಲಿ ಮುಗಿಯುವ ತುಂಡುಗಳು ಬರುತ್ತವೆ: ಟೇ… ಕಲ್, ಹಣ್… ಣು.

ಮೂರನೆಯ ಹಂತ ವ್ಯಂಜನ ಮತ್ತು ಸ್ವರದ ಜೋಡಣೆ. ಹೆಚ್ಚಿನ ತರಗತಿಗಳು ಎಡವುವುದು ಇಲ್ಲಿ. ಕನ್ನಡದಲ್ಲಿ ವ್ಯಂಜನದ ಹೆಸರಿನೊಳಗೇ ‘ಅ’ ಇರುವುದರಿಂದ ‘ಕ, ಈ ಸೇರಿದರೆ ಏನು?’ ಎಂದು ಕೇಳಿದರೆ ಮಗು ನ್ಯಾಯವಾಗಿಯೇ ‘ಕಈ’ ಎನ್ನುತ್ತದೆ. ದೋಷ ಪ್ರಶ್ನೆಯದು. ಇದಕ್ಕೆ ಪರಿಹಾರ ಉಸಿರು ಇರುವವರೆಗೆ ಎಳೆಯಬಹುದಾದ ವ್ಯಂಜನಗಳಿಂದ ಆರಂಭಿಸುವುದು. ಸ್, ಮ್, ನ್, ಲ್ ಸದ್ದುಗಳನ್ನು ಸ್ವರವಿಲ್ಲದೆಯೂ ಎಳೆಯಬಹುದು. ‘ಸ್ಸ್ಸ್’ ಎಂದು ಎಳೆಯುತ್ತ ನಿಲ್ಲಿಸದೆ ‘ಈ’ಗೆ ಜಾರಿದರೆ ‘ಸೀ’ ತಾನಾಗಿ ಕೇಳುತ್ತದೆ. ಕ್, ಟ್, ಪ್‌ನಂಥ ತಡೆದು ಬಿಡುವ ಸದ್ದುಗಳನ್ನು ಹಾಗೆ ಎಳೆಯಲು ಬಾರದು, ಅವು ಆಮೇಲೆ ಬರಬೇಕು. ರಾಜ್ಯದ ನಲಿ–ಕಲಿ ತರಗತಿಗಳಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿರದೆ ರ, ಗ, ಸ, ದ, ಅ ಎಂದು ಆರಂಭವಾಗುತ್ತದೆ. ಈ ಗುಂಪಿನ ‘ಸ’ ಮತ್ತು ‘ರ’ ಎಳೆದು ಜೋಡಿಸುವ ಆಟಕ್ಕೆ ಒಗ್ಗುತ್ತವೆ, ‘ಗ’ ಮತ್ತು ‘ದ’ ಒಗ್ಗುವುದಿಲ್ಲ.

ವಿಂಗಡಣೆ

ವಿಂಗಡಣೆ ಜೋಡಣೆಗೆ ಎದುರು ದಿಕ್ಕಿನ ಕೆಲಸ, ಬರೆಯುವಾಗ ಬೇಕಾದದ್ದು. ಚಪ್ಪಾಳೆ ತಟ್ಟುವುದು ಎಲ್ಲರಿಗೂ ಗೊತ್ತಿರುವ ರೂಪ, ಆದರೆ ಗುಂಪಿನಲ್ಲಿ ತಟ್ಟುವಾಗ ಯಾರು ಕೇಳಿ ತಟ್ಟಿದರು, ಯಾರು ಪಕ್ಕದವರನ್ನು ನೋಡಿ ತಟ್ಟಿದರು ಎಂದು ತಿಳಿಯುವುದಿಲ್ಲ. ರಷ್ಯಾದ ಮನಶ್ಶಾಸ್ತ್ರಜ್ಞ ಡಿ. ಬಿ. ಎಲ್ಕೋನಿನ್ ರೂಢಿಗೆ ತಂದ ಚೌಕದ ವಿಧಾನ ಹೆಚ್ಚು ನಂಬಲರ್ಹ. ಸ್ಲೇಟಿನ ಮೇಲೆ ಸಾಲಾಗಿ ಚೌಕಗಳನ್ನು ಬರೆದು, ಪದದ ಪ್ರತಿ ತುಂಡಿಗೆ ಒಂದರಂತೆ ಕಾಳು ಇಡಿಸುತ್ತಾರೆ. ವ್ಯಂಜನಕ್ಕೆ ಹುಣಸೆ ಬೀಜ, ಸ್ವರಕ್ಕೆ ಅವರೆಕಾಳು ಎಂದು ಎರಡು ಬಗೆ ಇಟ್ಟುಕೊಂಡರೆ ಕನ್ನಡದ ರಚನೆ ಕಣ್ಣಿಗೇ ಕಾಣುತ್ತದೆ. ‘ಮಾಲೂರು’ ಎಂದರೆ ಬೀಜ, ಕಾಳು, ಬೀಜ, ಕಾಳು, ಬೀಜ, ಕಾಳು. ‘ಅಕ್ಕ’ ಎಂದರೆ ಕಾಳು, ಬೀಜ, ಬೀಜ, ಕಾಳು. ಎರಡು ಬೀಜ ಒಟ್ಟಿಗೆ ಬಂದ ಕಡೆ ಒತ್ತಕ್ಷರ ಬರುತ್ತದೆ ಎಂದು ಮಗು ತಾನೇ ಕಂಡುಕೊಳ್ಳಬಹುದು. ದೀರ್ಘಸ್ವರಕ್ಕೂ ಒಂದೇ ಕಾಳು, ಏಕೆಂದರೆ ಅದು ಒಂದೇ ಧ್ವನಿಮಾ.

ಇನ್ನೂ ಓದದ ಮಗು ‘ಅಕ್–ಕ’ ಎಂದೂ ಅಕ್ಷರ ಕಲಿತ ಮಗು ‘ಅ–ಕ್ಕ’ ಎಂದೂ ವಿಂಗಡಿಸುವುದು ಸಾಮಾನ್ಯ. ಎರಡನ್ನೂ ಸರಿ ಎಂದು ಒಪ್ಪಬೇಕು. ಎರಡನೆಯ ಉತ್ತರ ಬರಹ ಕಿವಿಯ ಮೇಲೆ ಬೀರಿದ ಪ್ರಭಾವ. ‘ಅ–ಕ’ ಎಂದರೆ ಮಾತ್ರ ಒಂದು ಸದ್ದು ಕಳೆದುಹೋಗಿದೆ. ವಿಂಗಡಣೆಯ ಕಠಿಣ ರೂಪ ಅಳಿಸುವಿಕೆ. ‘ಕೋಲಾರದಲ್ಲಿ ಕೋ ಬಿಟ್ಟರೆ?’ ಎಂಬುದಕ್ಕೆ ಉತ್ತರ ಒಂದನೆಯ ತರಗತಿಯಲ್ಲಿ ಸಿಗುವುದು ಸಾಧ್ಯ. ‘ಕಾಲು ಪದದಲ್ಲಿ ಕ್ ಬಿಟ್ಟರೆ?’ ಎಂಬುದಕ್ಕೆ ಕನ್ನಡದಲ್ಲಿ ಓದುವ ಅನೇಕ ಮಕ್ಕಳು ಮೂರನೆಯ ತರಗತಿಯಲ್ಲಿಯೂ ‘ಲು’ ಎನ್ನುತ್ತಾರೆ. ಲಿಪಿಯ ಸ್ವಭಾವವೇ ಇದಕ್ಕೆ ಕಾರಣವಾದ್ದರಿಂದ ಈ ಉತ್ತರವೊಂದನ್ನೇ ಹಿಡಿದು ಮಗುವಿಗೆ ದೋಷವಿದೆ ಎನ್ನಲಾಗದು.

ಎಷ್ಟು ಹೊತ್ತು ಕಲಿಸಬೇಕು ಎಂಬುದಕ್ಕೆ ಅಮೆರಿಕದ ರಾಷ್ಟ್ರೀಯ ಓದಿನ ಸಮಿತಿ 2000ದಲ್ಲಿ ನೀಡಿದ ವರದಿ ಒಂದು ಅಂದಾಜು ಕೊಡುತ್ತದೆ. ಒಟ್ಟು 5ರಿಂದ 18 ಗಂಟೆಗಳ ಬೋಧನೆ ಹೆಚ್ಚು ಫಲ ಕೊಟ್ಟಿತ್ತು, ಸಣ್ಣ ಗುಂಪಿನಲ್ಲಿ, ಒಂದೆರಡು ಕೌಶಲಗಳಿಗೆ ಸೀಮಿತವಾಗಿ, ಅಕ್ಷರಗಳನ್ನು ಜೊತೆಗಿಟ್ಟು ಕಲಿಸಿದಾಗ ಫಲ ಇನ್ನೂ ಹೆಚ್ಚು. ದಿನಕ್ಕೆ ಹತ್ತು ನಿಮಿಷವೆಂದರೆ ಇದು 30ರಿಂದ 108 ಶಾಲಾ ದಿನಗಳಾಗುತ್ತದೆ. ಈ ಅಂಕಿಗಳು ಬಹುತೇಕ ಇಂಗ್ಲಿಷ್ ಓದಿನ ಅಧ್ಯಯನಗಳಿಂದ ಬಂದವು, ಕನ್ನಡಕ್ಕೆ ಇವು ದಾರಿಸೂಚಿ ಮಾತ್ರ.

ಮನೆಮಾತು ಮತ್ತು ಆಡುನುಡಿ

ಟೇಕಲ್ ಭಾಗದ ತರಗತಿಯಲ್ಲಿ ಕೇಳುವ ಹಲವು ‘ತಪ್ಪು’ಗಳು ಧ್ವನಿ ಅರಿವಿನ ಕೊರತೆಯವಲ್ಲ. ಹಳೆ ಮೈಸೂರು ಸೀಮೆಯ ಹಳ್ಳಿಗಾಡಿನ ಆಡುಮಾತಿನಲ್ಲಿ ಪದದ ಮೊದಲ ‘ಹ’ ಬಿದ್ದುಹೋಗಿ ಹಾಲು ‘ಆಲು’ ಆಗುತ್ತದೆ. ಮಹಾಪ್ರಾಣಗಳು ಅಲ್ಪಪ್ರಾಣಗಳಾಗಿ ಧನವೂ ದನವೂ ಒಂದೇ ಆಗಿ ಕೇಳುತ್ತವೆ. ಶ, ಷ, ಸಗಳ ಭೇದ ಅಳಿಯುತ್ತದೆ. ಮಗು ‘ಆಲು’ ಎಂದು ಬರೆದರೆ ಅದು ತನ್ನ ಮಾತನ್ನು ಸದ್ದು ತಪ್ಪದೆ ವಿಂಗಡಿಸಿ ಬರೆದಿದೆ. ಕಲಿಸಬೇಕಾದದ್ದು ಬರಹದ ರೂಢಿಯನ್ನು.

ಮನೆಮಾತು ತೆಲುಗಾದರೆ ಸದ್ದುಗಳ ಮಟ್ಟದಲ್ಲಿ ತೊಡಕು ಕಡಿಮೆ. ಹ್ರಸ್ವ–ದೀರ್ಘ, ಒತ್ತಕ್ಷರ, ಣ, ಳ ಎಲ್ಲವೂ ತೆಲುಗಿನಲ್ಲಿವೆ, ಪದಗಳು ಸ್ವರದಲ್ಲಿ ಮುಗಿಯುವುದೂ ಸಮಾನ. ಆ ಮಗುವಿಗೆ ಕಷ್ಟವಾಗುವುದು ಪದದ ಅರ್ಥ. ಮನೆಯಲ್ಲಿ ‘ಪಾಲು’ ಎನ್ನುವ ಮಗು ಶಾಲೆಯಲ್ಲಿ ‘ಹಾಲು’ ಎಂದು ಮೊದಲ ಸಲ ಕೇಳಿ, ಅರ್ಥ ತಿಳಿಯದ ಪದವನ್ನೇ ತುಂಡು ಮಾಡಬೇಕಾಗುತ್ತದೆ. ಮನೆಮಾತು ಉರ್ದುವಾದರೆ ಹ್ರಸ್ವ ಎ, ಒ ಸ್ವರಗಳ ಭೇದ ಮನೆಯ ಭಾಷೆಯಲ್ಲಿಲ್ಲದ ಕಾರಣ ಕೊಡು–ಕೋಡು ಒಂದೇ ಆಗಿ ಕೇಳಬಹುದು, ಮಳೆ ‘ಮಲೆ’ಯಾಗಬಹುದು. ಇಂಥ ಜೋಡಿಪದಗಳನ್ನು ಕೆಲವು ವಾರ ಕೇಳಿಸಿ ಅಭ್ಯಾಸ ಮಾಡಿಸಿದರೆ ಭೇದ ಹಿಡಿತಕ್ಕೆ ಬರುತ್ತದೆ.

ಡಿಸ್ಲೆಕ್ಸಿಯಾದೊಂದಿಗೆ ಸಂಬಂಧ

ಡಿಸ್ಲೆಕ್ಸಿಯಾ ಎಂದರೆ ಬುದ್ಧಿ, ದೃಷ್ಟಿ, ಶ್ರವಣ, ಕಲಿಯುವ ಅವಕಾಶ ಸರಿಯಿದ್ದರೂ ಪದಗಳನ್ನು ನಿಖರವಾಗಿ, ವೇಗವಾಗಿ ಓದಲು ಹಾಗೂ ಕಾಗುಣಿತ ತಪ್ಪದೆ ಬರೆಯಲು ಬಹುಕಾಲ ಉಳಿಯುವ ತೊಡಕು. ಅದು ನರವ್ಯೂಹದ ಬೆಳವಣಿಗೆಗೆ ಸಂಬಂಧಿಸಿದ್ದು, ಕುಟುಂಬಗಳಲ್ಲಿ ಹರಿದು ಬರುವುದೂ ಉಂಟು. ಅಕ್ಷರಗಳು ತಲೆಕೆಳಗಾಗಿ ಕಾಣುತ್ತವೆ ಎಂಬ ಜನಪ್ರಿಯ ನಂಬಿಕೆಗೆ ಸಂಶೋಧನೆಯ ಬೆಂಬಲವಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಮೂಲ ದೌರ್ಬಲ್ಯ ಮಾತಿನ ಸದ್ದನ್ನು ಮನಸ್ಸಿನಲ್ಲಿ ಹಿಡಿದು ಬಳಸುವುದರಲ್ಲಿದೆ.

ಈ ಸಂಬಂಧಕ್ಕೆ ಬಲವಾದ ಆಧಾರ ಕೊಟ್ಟವರು ಲಿನೆಟ್ ಬ್ರಾಡ್ಲಿ ಮತ್ತು ಪೀಟರ್ ಬ್ರಯಂಟ್. 1983ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ, ಓದು ಕಲಿಯುವ ಮುನ್ನ ಪ್ರಾಸದ ಪರೀಕ್ಷೆಯಲ್ಲಿ ಹಿಂದುಳಿದ ಮಕ್ಕಳು ವರ್ಷಗಳ ನಂತರ ಓದಿನಲ್ಲಿಯೂ ಹಿಂದುಳಿದಿದ್ದರು. ಹಾಗೆ ಹಿಂದುಳಿದವರಲ್ಲಿ 65 ಮಕ್ಕಳನ್ನು ಗುಂಪು ಮಾಡಿ ಎರಡು ವರ್ಷಗಳಲ್ಲಿ 40 ಪಾಠಗಳನ್ನು ನೀಡಿದಾಗ, ಸದ್ದಿನ ಆಟದ ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನೂ ಬಳಸಿದ ಗುಂಪು ಎಲ್ಲರಿಗಿಂತ ಮುಂದೆ ಬಂತು. ಸೊನಾಲಿ ನಾಗ್ ಮತ್ತು ಮಾರ್ಗರೆಟ್ ಸ್ನೋಲಿಂಗ್ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಓದಿನಲ್ಲಿ ಹಿಂದುಳಿದ ಮಕ್ಕಳಲ್ಲಿಯೂ ಸದ್ದನ್ನು ನಿಭಾಯಿಸುವ ದೌರ್ಬಲ್ಯ ಕಂಡಿತು. ಆದರೆ ಸಂಬಂಧ ಒಂದೇ ದಿಕ್ಕಿನದಲ್ಲ. ಓದು ಬಾರದಿದ್ದರೆ ಧ್ವನಿಮಾದ ಅರಿವೂ ಬೆಳೆಯುವುದಿಲ್ಲ. ಚಿತ್ರ, ಬಣ್ಣ, ಅಂಕಿಗಳ ಹೆಸರನ್ನು ಸರಸರನೆ ಹೇಳಲಾಗದ ನಿಧಾನವೂ ಡಿಸ್ಲೆಕ್ಸಿಯಾದ ಇನ್ನೊಂದು ಬೇರು.

ಕನ್ನಡದಲ್ಲಿ ಬರೆದಂತೆಯೇ ಓದುವುದರಿಂದ ಡಿಸ್ಲೆಕ್ಸಿಯಾದ ಚಹರೆ ಇಂಗ್ಲಿಷಿನದರಂತೆ ಇರುವುದಿಲ್ಲ. ಬಿಡಿ ಅಕ್ಷರಗಳನ್ನು ಮಗು ಕೊನೆಗೆ ಸರಿಯಾಗಿಯೇ ಓದಬಹುದು. ಉಳಿಯುವುದು ನಿಧಾನ: ಪ್ರತಿ ಪದವನ್ನೂ ಅಕ್ಷರ ಅಕ್ಷರವಾಗಿ ಕೂಡಿಸುವುದು, ಮೂರನೆಯ ತರಗತಿ ದಾಟಿದ ಮೇಲೂ ಒತ್ತಕ್ಷರ ಬಿಡುವುದು, ಹ್ರಸ್ವ–ದೀರ್ಘ ಕಲಸುವುದು. ಅಕ್ಷರಗಳು ಬರುತ್ತವಲ್ಲ ಎಂದು ಇಂಥ ಮಗುವನ್ನು ಸೋಮಾರಿ ಎಂದು ಬಿಡುವುದರಿಂದ ಗುರುತಿಸುವುದು ತಡವಾಗುತ್ತದೆ.

ಒಂದು ಮಾದರಿ ಹೋಲಿಕೆ

ಮೂರನೆಯ ತರಗತಿಯ, ಮನೆಮಾತು ತೆಲುಗಾದ ಇಬ್ಬರು ಮಕ್ಕಳ ಕಲ್ಪಿತ ಮಾದರಿಯಿಂದ ಮೇಲಿನ ಭೇದಗಳನ್ನು ಸ್ಪಷ್ಟಪಡಿಸಬಹುದು. ಉಕ್ತಲೇಖನದಲ್ಲಿ ಇಬ್ಬರಿಗೂ ಹತ್ತರಲ್ಲಿ ನಾಲ್ಕು ಪದ ಸರಿ. ಮೊದಲ ಮಗು ಹಾಲು, ಹೋಗು, ಧನ, ಶಾಲೆ, ಭಾಷೆ, ಹೂವು ಪದಗಳಲ್ಲಿ ತಪ್ಪಿದೆ. ಎಲ್ಲವೂ ಹಕಾರ, ಮಹಾಪ್ರಾಣ, ಶಕಾರದ ಜಾಗಗಳು. ಅಕ್ಕ, ಹಣ್ಣು, ಟೇಕಲ್ ಪದಗಳನ್ನು ಕಾಳಿಟ್ಟು ವಿಂಗಡಿಸುವಾಗ ಒಂದು ಸದ್ದೂ ಕಳೆಯುವುದಿಲ್ಲ. ‘ಮೂದಗಿ’ಯಂಥ ಪದಗಳನ್ನು ಕೇಳಿ ಜೋಡಿಸುತ್ತದೆ, ‘ಗಿ’ ಪದಗಳನ್ನು ಸಲೀಸಾಗಿ ಕಟ್ಟುತ್ತದೆ.

ಎರಡನೆಯ ಮಗು ಅಕ್ಕವನ್ನು ‘ಅಕ’ ಎಂದು, ಕೋಳಿಯನ್ನು ‘ಕೊಳಿ’ ಎಂದು, ಟೇಕಲ್ ಅನ್ನು ‘ಟೇಕ’ ಎಂದು ಬರೆಯುತ್ತದೆ. ಒಂದೇ ಪದವನ್ನು ಮರುದಿನ ಬೇರೆ ರೀತಿ ತಪ್ಪುತ್ತದೆ. ‘ಟೇ–ಕಲ್’ಗೆ ತಟ್ಟಲು ತಡವರಿಸುತ್ತದೆ, ಮೂರು ತುಂಡಿನ ಅರ್ಥವಿಲ್ಲದ ಪದ ಜೋಡಿಸುವಾಗ ನಡುವಿನ ತುಂಡನ್ನು ಬಿಡುತ್ತದೆ. ನಿರ್ಣಾಯಕ ಹೆಜ್ಜೆ ಮುಂದಿನದು. ಪಿಲ್ಲಿ, ಚೆಟ್ಟು, ಮೇಕ ಎಂಬ ಮನೆಯ ತೆಲುಗು ಪದಗಳಲ್ಲಿ ಅದೇ ಆಟ ಆಡಿಸಿದಾಗಲೂ ಅದು ಅಷ್ಟೇ ತಪ್ಪುತ್ತದೆ. ಅರ್ಥ ತಿಳಿದ ಪದದಲ್ಲಿಯೂ ತೊಡಕು ಉಳಿದಿರುವುದರಿಂದ ಕಾರಣ ಕನ್ನಡದ ಅಪರಿಚಯವಲ್ಲ. ಈ ಮಗುವಿಗೆ ಸಣ್ಣ ಗುಂಪಿನಲ್ಲಿ ಎರಡು ಮೂರು ತಿಂಗಳು ಜೋಡಣೆ ಮತ್ತು ವಿಂಗಡಣೆಯನ್ನು ಅಕ್ಷರದೊಂದಿಗೆ ಕಲಿಸಿ, ಪ್ರಗತಿ ತೀರ ಕಡಿಮೆಯಿದ್ದರೆ ತಜ್ಞರ ಬಳಿ ಕಳುಹಿಸಬೇಕು. ಅದಕ್ಕೂ ಮೊದಲು ಕಿವಿ ಮತ್ತು ಕಣ್ಣಿನ ಪರೀಕ್ಷೆ ಆಗಿರಬೇಕು. ಕಿವಿ ಸೋರುವ ಮಗು ಒತ್ತಕ್ಷರವನ್ನು ಕೇಳಿಸಿಕೊಳ್ಳದೆಯೂ ಬಿಟ್ಟಿರಬಹುದು.

ಸದ್ಯದ ಸ್ಥಿತಿ

ನಲಿ–ಕಲಿ ಪದ್ಧತಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಪ್ರಯೋಗದಿಂದ ಪ್ರೇರಣೆ ಪಡೆದು ಆರಂಭವಾಯಿತು. 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿತು. ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ ಧ್ವನಿ ಅರಿವನ್ನು ಬುನಾದಿ ಸಾಕ್ಷರತೆಯ ಅಂಗವಾಗಿ ಹೆಸರಿಸುತ್ತದೆ. ತರಗತಿಯಲ್ಲಿ ಪ್ರಾಸಗೀತೆ ಮತ್ತು ಚಪ್ಪಾಳೆಯ ಆಟಗಳು ರೂಢಿಯಾಗಿವೆ. ವ್ಯಂಜನ–ಸ್ವರದ ಜೋಡಣೆ ಮತ್ತು ಒತ್ತಕ್ಷರದ ವಿಂಗಡಣೆ, ಅಂದರೆ ಕನ್ನಡ ಓದುಗನಿಗೆ ಹೆಚ್ಚು ಬೇಕಾದ ಭಾಗ, ಬಾಯಿಪಾಠದ ಕಾಗುಣಿತಕ್ಕೆ ಬಿಟ್ಟುಹೋಗುವುದು ಹೆಚ್ಚು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರಡಿ ಬರುತ್ತದೆ. 2018ರ ಮಾರ್ಗಸೂಚಿಯ ಪ್ರಕಾರ ಶಾಲೆಯಲ್ಲಿ ತಪಾಸಣೆ ಮೂರನೆಯ ತರಗತಿಯಲ್ಲಿ ನಡೆಯಬೇಕಿತ್ತು, ಪ್ರಮಾಣಪತ್ರ ಎಂಟು ವರ್ಷ ತುಂಬಿದ ಮೇಲೆ ಸಿಗುತ್ತಿತ್ತು, 14 ಮತ್ತು 18ನೆಯ ವಯಸ್ಸಿನಲ್ಲಿ ಮರುಪರೀಕ್ಷೆಯಾಗಬೇಕಿತ್ತು. ರೋಗನಿರ್ಣಯಕ್ಕೆ ಅದು ಸೂಚಿಸಿದ ಪರೀಕ್ಷಾಮಾಲೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ್ದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಮಕ್ಕಳ ಮಾತು, ಶ್ರವಣ ಮತ್ತು ಓದಿನ ತಪಾಸಣೆ ನಡೆಯುತ್ತದೆ. ಟೇಕಲ್ ಭಾಗದ ಪೋಷಕರಿಗೆ ಮೊದಲ ಬಾಗಿಲು ಶಾಲೆಯ ಮೂಲಕ ಮಾಲೂರಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಮಗುವಿನ ಉಕ್ತಲೇಖನದ ಹಾಳೆಗಳನ್ನು ತಿದ್ದಿ ಎಸೆಯದೆ, ದಿನಾಂಕ ಹಾಕಿ ಜೊತೆಗೆ ಕೊಂಡೊಯ್ದರೆ ತಪಾಸಣೆ ಮಾಡುವವರಿಗೆ ತಪ್ಪುಗಳ ಬಗೆ ಅಲ್ಲೇ ಕಾಣಸಿಗುತ್ತದೆ.